ನಿಂತ ಫ್ಯಾನು, ಕೆಟ್ಟ ಫ್ಯಾನಲ್ಲ

ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಅಥವಾ ಪವರ್ ಸಪ್ಲೈ ತಣ್ಣಗಿರುವಾಗ ತನ್ನ ಫ್ಯಾನನ್ನು ಪೂರ್ತಿ ನಿಲ್ಲಿಸಿ, ಬಿಸಿಯೇರಿದಾಗ ಮಾತ್ರ ತಿರುಗಿಸುವ ವ್ಯವಸ್ಥೆಗೆ ಜೀರೋ ಆರ್‌ಪಿಎಂ ಮೋಡ್ ಎನ್ನುತ್ತಾರೆ. ಆರ್‌ಪಿಎಂ ಎಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. ಗ್ರಾಫಿಕ್ಸ್ ಕಾರ್ಡುಗಳಲ್ಲಿ ಇದು ವ್ಯಾಪಕವಾಗಿ ಬಳಕೆಗೆ ಬಂದದ್ದು 2014ರ ಸುಮಾರಿಗೆ. ಏಸಸ್ ಕಂಪನಿಯ ಸ್ಟ್ರಿಕ್ಸ್ ಕಾರ್ಡುಗಳೂ ಎಂಎಸ್‌ಐ ಕಂಪನಿಯ ಟ್ವಿನ್ ಫ್ರೋಜರ್ ಕಾರ್ಡುಗಳೂ ಆಗ ಇದನ್ನು ದೊಡ್ಡದಾಗಿ ಪ್ರಚಾರ ಮಾಡಿದವು. ಇಂದು ಮಧ್ಯಮ ಬೆಲೆಯ ಕಾರ್ಡುಗಳಲ್ಲೂ ಇದು ಮಾಮೂಲು. ಆದರೂ ಹೊಸ ಕಂಪ್ಯೂಟರಿನ ಗಾಜಿನ ಬಾಗಿಲಿನಾಚೆ ಫ್ಯಾನುಗಳು ಅಲ್ಲಾಡದೆ ನಿಂತಿರುವುದನ್ನು ಕಂಡು, ಕಾರ್ಡ್ ಕೆಟ್ಟಿದೆಯೆಂದು ಅಂಗಡಿಗೆ ಹೊತ್ತೊಯ್ಯುವವರು ಇದ್ದೇ ಇದ್ದಾರೆ.

ಫ್ಯಾನ್ ಏಕೆ ನಿಲ್ಲಬಹುದು ಎಂಬುದಕ್ಕೆ ಉತ್ತರ ಹೀಟ್ ಸಿಂಕಿನ ಗಾತ್ರದಲ್ಲಿದೆ. ಚಿಪ್ಪಿನ ಮೇಲೆ ಕೂರುವ, ತೆಳು ಅಲ್ಯೂಮಿನಿಯಂ ಹಾಳೆಗಳನ್ನು ಸಾಲಾಗಿ ಜೋಡಿಸಿದ ಆ ಲೋಹದ ಕಟ್ಟನ್ನು, ಆಟದ ಹೊತ್ತಿನ ಗರಿಷ್ಠ ಬಿಸಿಗೆ ಸಾಲುವಂತೆ ಮಾಡಿರುತ್ತಾರೆ. 200 ವಾಟ್ ಬಳಸುವ ಒಂದು ಕಾರ್ಡನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೋಣೆಯ ಉಷ್ಣತೆ 25 ಡಿಗ್ರಿ ಇದ್ದಾಗ, ಫ್ಯಾನುಗಳ ನೆರವಿನಿಂದ ಅದರ ಚಿಪ್ 70 ಡಿಗ್ರಿಯಲ್ಲಿ ನಿಲ್ಲುತ್ತದೆ ಎನ್ನೋಣ. ಅಂದರೆ ಒಂದೊಂದು ವಾಟ್‌ಗೆ ಏರುವುದು ಕಾಲು ಡಿಗ್ರಿಗಿಂತಲೂ ಕಡಿಮೆ. ಅದೇ ಕಾರ್ಡ್, ಪರದೆಯ ಮೇಲೆ ಪತ್ರವೊಂದನ್ನು ಟೈಪ್ ಮಾಡುವಾಗ ಬಳಸುವುದು ಸುಮಾರು 15 ವಾಟ್. ಫ್ಯಾನ್ ನಿಂತರೆ ಬಿಸಿ ಹೊರಹೋಗಲು ಉಳಿಯುವ ದಾರಿ ಎರಡೇ: ಬೆಚ್ಚಗಾದ ಗಾಳಿ ತಾನಾಗಿಯೇ ಮೇಲೇರುವುದು, ಲೋಹದಿಂದ ಶಾಖ ವಿಕಿರಣವಾಗಿ ಚೆಲ್ಲುವುದು. ಎರಡೂ ನಿಧಾನ. ಆಗ ವಾಟ್‌ಗೆ ಒಂದೂ ಮುಕ್ಕಾಲು ಡಿಗ್ರಿಯಷ್ಟು ಏರಿದರೂ ಒಟ್ಟು ಏರಿಕೆ 26 ಡಿಗ್ರಿ, ಚಿಪ್ಪಿನ ಉಷ್ಣತೆ 51. ನೂರು ಡಿಗ್ರಿಯ ಆಸುಪಾಸಿನವರೆಗೂ ತಡೆದುಕೊಳ್ಳುವಂತೆ ಮಾಡಿದ ಸಿಲಿಕಾನ್‌ಗೆ 51 ಯಾವ ಲೆಕ್ಕವೂ ಅಲ್ಲ. ಇದೇ ನಿಶ್ಚಲ ಸ್ಥಿತಿಯಲ್ಲಿ ಆಟ ಶುರುವಾದರೆ ಮಾತ್ರ ಕೆಲವೇ ನಿಮಿಷಗಳಲ್ಲಿ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳಬೇಕಾಗುತ್ತದೆ. ಅದಕ್ಕೇ ಉಷ್ಣತೆ ಒಂದು ಮಿತಿ ದಾಟಿದ ಕೂಡಲೇ ಫ್ಯಾನ್ ಏಳುತ್ತದೆ.

ಪೂರ್ತಿ ನಿಲ್ಲಿಸುವ ಬದಲು ತೀರಾ ಮೆಲ್ಲಗೆ ತಿರುಗಿಸಬಹುದಲ್ಲ ಎಂದು ಕೇಳಬಹುದು. ಆದರೆ ಫ್ಯಾನಿನ ಮೋಟರಿಗೆ ಒಂದು ಕನಿಷ್ಠ ವೇಗವಿದೆ; ಅದಕ್ಕಿಂತ ಕೆಳಗೆ ಅದು ಸ್ಥಿರವಾಗಿ ತಿರುಗುವುದಿಲ್ಲ. ಅನೇಕ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಅದು ನಿಮಿಷಕ್ಕೆ 800ರಿಂದ 1,000 ಸುತ್ತಿನ ಹತ್ತಿರ ಇರುತ್ತದೆ. ಹೀಗಾಗಿ ಫ್ಯಾನ್ ಸೊನ್ನೆಯಿಂದ ಮೆಲ್ಲಮೆಲ್ಲಗೆ ಮೇಲೇರಲಾರದು, ಒಮ್ಮೆಗೇ ಆ ವೇಗಕ್ಕೆ ಜಿಗಿಯುತ್ತದೆ. ನಿಶ್ಶಬ್ದ ಕೋಣೆಯಲ್ಲಿ ಕಿವಿಗೆ ತಟ್ಟುವುದು ಈ ಜಿಗಿತವೇ.

ಇದರಿಂದ ಹುಟ್ಟುವ ತೊಂದರೆಯೇ ಈ ಮೋಡಿನ ಮುಖ್ಯ ದೌರ್ಬಲ್ಯ. 55 ಡಿಗ್ರಿಗೆ ಫ್ಯಾನ್ ಶುರುವಾಗಿ ಅದೇ 55ಕ್ಕೆ ನಿಂತರೆ, ಅದು ದಿನವಿಡೀ ಹೊತ್ತಿ ಆರುತ್ತಿರುತ್ತದೆ. ಆದ್ದರಿಂದ ತಯಾರಕರು ಎರಡು ಮಿತಿಗಳನ್ನು ಇಡುತ್ತಾರೆ: ಉದಾಹರಣೆಗೆ 60ಕ್ಕೆ ಶುರು, 50ಕ್ಕೆ ನಿಲುಗಡೆ. ಈ ಹತ್ತು ಡಿಗ್ರಿಯ ಅಂತರ ಬೆಂಗಳೂರಿನ 25 ಡಿಗ್ರಿಯ ಕೋಣೆಗೆ ಧಾರಾಳವಾಗಿ ಸಾಕು. ಮೇಲಿನ ಲೆಕ್ಕದ ಕಾರ್ಡ್ 51ರಲ್ಲೇ ನಿಂತು ಫ್ಯಾನಿನ ಗೊಡವೆಗೇ ಹೋಗುವುದಿಲ್ಲ. ಅದೇ ಕಾರ್ಡನ್ನು ಮೇ ತಿಂಗಳ ಕಲಬುರಗಿಯಲ್ಲಿ, ಎಸಿ ಇಲ್ಲದ 38 ಡಿಗ್ರಿಯ ಕೋಣೆಯಲ್ಲಿ ಇಟ್ಟರೆ 38ಕ್ಕೆ 26 ಕೂಡಿ 64 ಆಗುತ್ತದೆ. ಅಷ್ಟರೊಳಗೆ 60ರ ಮಿತಿ ಬಂದು ಫ್ಯಾನ್ ಜಿಗಿದೇಳುತ್ತದೆ, ಒಂದೆರಡು ನಿಮಿಷದಲ್ಲಿ 50ಕ್ಕೆ ಇಳಿಸಿ ನಿಲ್ಲುತ್ತದೆ, ಮತ್ತೆ ಬಿಸಿಯೇರುತ್ತದೆ. ಕಾರ್ಡಿನಲ್ಲಿ ದೋಷವಿಲ್ಲ, ಕೋಣೆಗೆ ಮಿತಿ ಹೊಂದಿಲ್ಲ, ಅಷ್ಟೆ. ಇಂಥಲ್ಲಿ ತಯಾರಕರ ತಂತ್ರಾಂಶದಲ್ಲಿ ಜೀರೋ ಆರ್‌ಪಿಎಂ ಆಯ್ಕೆಯನ್ನೇ ತೆಗೆದು, ಫ್ಯಾನನ್ನು ಕನಿಷ್ಠ ವೇಗದಲ್ಲಿ ಸದಾ ಬಿಡುವುದು ಮೇಲು. ಒಂದೇ ಸಮನಾದ ಸಣ್ಣ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ. ಆಗಾಗ ಎದ್ದು ಅಡಗುವ ಸದ್ದಿಗೆ ಒಗ್ಗುವುದಿಲ್ಲ.

ಬೇಸಿಗೆ ಇಲ್ಲದೆಯೂ ಹೀಗಾಗುತ್ತಿದ್ದರೆ ಕಾರಣ ಬೇರೆ ಇರಬಹುದು. ಎರಡು ಮಾನಿಟರುಗಳು ಬೇರೆ ಬೇರೆ ರಿಫ್ರೆಶ್ ದರದಲ್ಲಿದ್ದರೆ ಕೆಲವು ಕಾರ್ಡುಗಳ ಮೆಮೊರಿ ವಿಶ್ರಾಂತಿಯ ವೇಗಕ್ಕೆ ಇಳಿಯದೆ ಉಳಿದುಬಿಡುತ್ತದೆ. ಆಗ 15 ವಾಟ್ ಇರಬೇಕಾದಲ್ಲಿ 30, 40 ವಾಟ್ ಕಾಣುತ್ತದೆ. ಎನ್ವಿಡಿಯಾ ಕಾರ್ಡುಗಳಲ್ಲಿ ಇದನ್ನು ಸೆಕೆಂಡಿಗೊಮ್ಮೆ ಗಮನಿಸಲು ಈ ಆಜ್ಞೆ ಸಾಕು:

```
nvidia-smi --query-gpu=temperature.gpu,fan.speed,power.draw --format=csv -l 1
```

ಉಷ್ಣತೆ, ಫ್ಯಾನ್ ವೇಗದ ಶೇಕಡಾ ಪ್ರಮಾಣ, ವಿದ್ಯುತ್ ಬಳಕೆ ಮೂರೂ ಒಂದೇ ಸಾಲಿನಲ್ಲಿ ಬರುತ್ತವೆ. ಇಲ್ಲಿ ಒಂದು ಎಚ್ಚರ ಬೇಕು. ಫ್ಯಾನಿನ ಅಂಕಿ ಹೇಳುವುದು ಅದು ಎಷ್ಟು ವೇಗದಲ್ಲಿ ತಿರುಗಬೇಕೆಂದು ಕಾರ್ಡ್ ಬಯಸಿದೆ ಎಂಬುದನ್ನು. ವೈರೊಂದು ರೆಕ್ಕೆಗೆ ಸಿಕ್ಕಿ ಫ್ಯಾನ್ ನಿಂತಿದ್ದರೂ ಆ ಅಂಕಿ 45 ಎಂದೇ ತೋರಿಸಬಹುದು. ಉಷ್ಣತೆ 70 ದಾಟಿದಾಗ ಕಣ್ಣಾರೆ ನೋಡುವುದೇ ಖಾತ್ರಿಯಾದ ಪರೀಕ್ಷೆ. ಆಗಲೂ ಫ್ಯಾನ್ ನಿಂತಿದ್ದರೆ ಅದು ಮೋಡ್ ಅಲ್ಲ, ದೋಷ.

ಪವರ್ ಸಪ್ಲೈಯಲ್ಲಿ ತತ್ವ ಇದೇ ಆದರೂ ಬಿಸಿಯ ಮೂಲ ಬೇರೆ. ಗೋಡೆಯ 230 ವೋಲ್ಟ್ ವಿದ್ಯುತ್ತನ್ನು 12 ವೋಲ್ಟ್‌ಗೆ ಇಳಿಸುವಾಗ ನಷ್ಟವಾಗುವ ಭಾಗವಷ್ಟೇ ಅದರೊಳಗೆ ಬಿಸಿಯಾಗುತ್ತದೆ. 750 ವಾಟ್‌ನ, ಗೋಲ್ಡ್ ದರ್ಜೆಯ ಪವರ್ ಸಪ್ಲೈ ಅರ್ಧ ಹೊರೆಯ ಆಸುಪಾಸಿನಲ್ಲಿ ಸುಮಾರು ಶೇ. 92 ದಕ್ಷತೆ ಕೊಡುತ್ತದೆ. ಕಂಪ್ಯೂಟರ್ 400 ವಾಟ್ ಬಳಸುವಾಗ ನಷ್ಟ ಸುಮಾರು 35 ವಾಟ್. ಪೂರ್ತಿ ಹೊರೆಯಲ್ಲಿ ಅದು 90 ವಾಟ್ ದಾಟುತ್ತದೆ. ಸುಮ್ಮನೆ ಕೂತ ಕಂಪ್ಯೂಟರ್ 60 ವಾಟ್ ಬಳಸುವಾಗಲಾದರೋ, ದಕ್ಷತೆ ಇಳಿದಿದ್ದರೂ, ನಷ್ಟ ಹತ್ತು ವಾಟ್‌ನ ಸುತ್ತಮುತ್ತ. ಅಷ್ಟನ್ನು ಹೊರಹಾಕಲು ಫ್ಯಾನ್ ಬೇಕಿಲ್ಲ. ಹೊರೆ ಶೇ. 30ರಿಂದ 40 ದಾಟುವವರೆಗೂ ಫ್ಯಾನ್ ತಿರುಗದ ಮಾದರಿಗಳು ಇರುವುದು ಇದರಿಂದಲೇ. ಹೊರೆಯ ಜೊತೆಗೆ ಒಳಗಿನ ಉಷ್ಣತೆಯನ್ನೂ ಅವು ನೋಡುತ್ತವೆ. ಪೆಟ್ಟಿಗೆಯ ಮೇಲೆ ಬರೆದ ಮಿತಿ ತಂಪಾದ ಕೋಣೆಯದು ಎಂಬುದನ್ನು ನೆನಪಿಡಬೇಕು.

ಪವರ್ ಸಪ್ಲೈ ಕೂರಿಸುವ ದಿಕ್ಕು ಇಲ್ಲಿ ಮುಖ್ಯವಾಗುತ್ತದೆ. ಫ್ಯಾನ್ ತಿರುಗುತ್ತಿದ್ದರೆ ಗಾಳಿಯನ್ನು ಅದೇ ನೂಕುತ್ತದೆ, ದಿಕ್ಕಿನ ಚಿಂತೆ ಕಡಿಮೆ. ನಿಂತಾಗ ಬಿಸಿಗಾಳಿ ಮೇಲಕ್ಕೇ ಹೋಗಬೇಕು. ಫ್ಯಾನಿನ ಬಾಯಿ ಕೆಳಮುಖವಾಗಿದ್ದರೆ ಮೇಲ್ಭಾಗದಲ್ಲಿ ಮುಚ್ಚಿದ ತಗಡಿರುತ್ತದೆ, ಬಿಸಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಾಯಿ ಮೇಲ್ಮುಖವಾಗಿದ್ದು ಅದರ ಮೇಲೆ ಕ್ಯಾಬಿನೆಟ್ಟಿನಲ್ಲಿ ತೂತುಗಳಿದ್ದರೆ ಬಿಸಿ ತಾನೇ ಹೊರಗೇರುತ್ತದೆ. ಈ ಬಿಸಿಯನ್ನು ಹೆಚ್ಚು ಅನುಭವಿಸುವುದು ಕೆಪಾಸಿಟರುಗಳು. ಅವುಗಳೊಳಗಿನ ದ್ರವ ನಿಧಾನವಾಗಿ ಆವಿಯಾಗುತ್ತದೆ. ಪ್ರತಿ ಹತ್ತು ಡಿಗ್ರಿ ಹೆಚ್ಚಿದಂತೆ ಆಯಸ್ಸು ಸರಿಸುಮಾರು ಅರ್ಧವಾಗುತ್ತದೆ ಎಂಬುದು ಎಂಜಿನಿಯರರ ರೂಢಿಯ ಲೆಕ್ಕ. ಫ್ಯಾನ್ ನಿಂತಷ್ಟು ಹೊತ್ತು ದೂಳು ಕಡಿಮೆ, ಬೇರಿಂಗ್ ಸವೆತವೂ ಕಡಿಮೆ, ನಿಜ. ಆದರೆ ಆ ಲಾಭಕ್ಕೆ ಬೆಲೆ ತೆರುವುದು ಕೆಪಾಸಿಟರುಗಳು. ಬಿಸಿಯೂರಿನಲ್ಲಿ, ಗಾಳಿಯಾಡದ ಕ್ಯಾಬಿನೆಟ್ಟಿನಲ್ಲಿ ಈ ವ್ಯಾಪಾರ ಗಿಟ್ಟುವುದಿಲ್ಲ. ಅಂಥವರಿಗೆಂದೇ ಸೀಸಾನಿಕ್‌ನಂಥ ಕಂಪನಿಗಳ ಹಲವು ಮಾದರಿಗಳ ಹಿಂಬದಿಯಲ್ಲಿ ಈ ಮೋಡನ್ನು ಆರಿಸುವ ಗುಂಡಿಯಿದೆ.

ಪವರ್ ಸಪ್ಲೈಯ ಫ್ಯಾನ್ ಕೆಟ್ಟಿದೆಯೇ ಎಂದು ತಿಳಿಯಲು ಆ ಗುಂಡಿಯೇ ಸುಲಭದ ದಾರಿಯೂ ಹೌದು: ಮೋಡ್ ಆರಿಸಿದ ಕೂಡಲೇ ಫ್ಯಾನ್ ತಿರುಗಬೇಕು. ಗುಂಡಿ ಇಲ್ಲದಿದ್ದರೆ ಕಂಪ್ಯೂಟರ್ ಹಚ್ಚುವ ಕ್ಷಣದಲ್ಲಿ ನೋಡಬಹುದು. ಹಲವು ಮಾದರಿಗಳು ಆಗ ಒಂದೆರಡು ಸೆಕೆಂಡು ಫ್ಯಾನ್ ತಿರುಗಿಸಿ ನಿಲ್ಲಿಸುತ್ತವೆ. ಅದೂ ಕಾಣದಿದ್ದರೆ ಭಾರೀ ಆಟವೊಂದನ್ನು ಅರ್ಧ ಗಂಟೆ ಓಡಿಸಿ ಹಿಂಬದಿಯ ಜಾಲರಿಗೆ ಅಂಗೈ ಹಿಡಿಯಬೇಕು. ಗಾಳಿ ಬೀಸದೆ ಬರೀ ಝಳ ಹೊಡೆಯುತ್ತಿದ್ದು, ಕಂಪ್ಯೂಟರ್ ಹಠಾತ್ತಾಗಿ ಆರಿಹೋದರೆ, ಅದು ಅತಿ ಬಿಸಿಯ ರಕ್ಷಣೆ ಕೆಲಸ ಮಾಡಿದ ಗುರುತಾಗಿರಬಹುದು. ಆಗ ಪವರ್ ಸಪ್ಲೈಯನ್ನು ವಾರಂಟಿಗೆ ಕಳಿಸಬೇಕೇ ಹೊರತು ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್‌ಗೂ ಮಿಕ್ಕಿದ ವಿದ್ಯುತ್ ಸ್ವಲ್ಪ ಕಾಲ ಉಳಿದಿರಬಲ್ಲದು.