ಬರೆಯದ ಟೆಸ್ಟ್‌ಗಳ ರೊಕ್ಕ

ಗ್ರಾಮ ಆಡಳಿತ ಅಧಿಕಾರಿ ಹುದ್ದೆಯ ಆಯ್ಕೆಪಟ್ಟಿಯಲ್ಲಿ ಅಕ್ಕನ ಮಗಳ ಹೆಸರು ಬಂದಿತ್ತು. ಧಾರವಾಡದಲ್ಲಿ ಅವಳ ರೂಮು ಖಾಲಿ ಮಾಡಿಸಲು ಹೋಗಿದ್ದೆ. ಪುಸ್ತಕಗಳನ್ನು ರಟ್ಟಿನ ಡಬ್ಬಿಗೆ ತುಂಬುತ್ತಿದ್ದಾಗ ಅವಳ ಫೋನಿಗೆ ಮೆಸೇಜು ಬಂತು: ಟೆಸ್ಟ್ 19, ಭಾನುವಾರ ಬೆಳಿಗ್ಗೆ 10ಕ್ಕೆ. ಕೆಎಎಸ್‌ಗೆಂದು ತಗೊಂಡಿದ್ದ ಟೆಸ್ಟ್ ಸೀರೀಸ್ ಅದು. ಕೆಲಸಕ್ಕೆ ಸೇರುವುದರಿಂದ ಈ ಸಲದ ಕೆಎಎಸ್ ಬಿಡುವುದೆಂದು ಅವಳು ಆಗಲೇ ತೀರ್ಮಾನಿಸಿದ್ದಳು.

“ಮಾಮಾ, ಇನ್ನೂ ಭಾಳ ಟೆಸ್ಟ್ ಉಳದಾವು. ರೊಕ್ಕ ವಾಪಸ್ ಕೇಳಿದ್ರ ಕೊಡ್ತಾರೇನು?”

ಕೇಳಬಹುದು. ಆದರೆ ‘ನನಗೆ ಕೆಲಸ ಸಿಕ್ಕಿತು’ ಎಂಬುದು ಕಾನೂನಿನ ಕಣ್ಣಲ್ಲಿ ಮರುಪಾವತಿಗೆ ಕಾರಣವಲ್ಲ. ‘ಓದುವುದು ಬಿಟ್ಟೆ’ ಎಂಬುದೂ ಅಲ್ಲ. ಟೆಸ್ಟ್ ನಡೆಸಲು ಸಂಸ್ಥೆ ತಯಾರಿದ್ದು ನಾವೇ ಬಿಟ್ಟು ಹೊರಟರೆ ಅದನ್ನು ಸೇವಾ ನ್ಯೂನತೆ ಎನ್ನುವುದು ಕಷ್ಟ. ಉತ್ತರಪತ್ರಿಕೆ ತಿಂಗಳುಗಟ್ಟಲೆ ತಿದ್ದಿ ಕೊಡದಿದ್ದರೆ, ಹೇಳಿದ ದಿನ ಟೆಸ್ಟ್ ನಡೆಸದಿದ್ದರೆ ಮಾತು ಬೇರೆ. ಅದನ್ನು ತಾರೀಕು ಸಮೇತ ಬರೆಯಬೇಕು. ಅಂಥದ್ದೇನೂ ಆಗದಿದ್ದರೆ ಇಲ್ಲದ ತಪ್ಪು ಹೊರಿಸಬಾರದು. ಕೊಡದ ಸೇವೆಗೆ ತೆಗೆದುಕೊಂಡ ಹಣ ಎಷ್ಟು ಎಂಬ ಲೆಕ್ಕವೇ ಆಗ ನಮ್ಮ ಕೈಯಲ್ಲಿರುವ ಆಧಾರ.

2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ತರಬೇತಿ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ಪೂರ್ತಿ ಶುಲ್ಕ ಕಟ್ಟಿದವರು ನಡುವೆ ಬಿಟ್ಟರೆ ಉಳಿದ ಅವಧಿಯ ಪಾಲನ್ನು 10 ದಿನದೊಳಗೆ ಹಿಂದಿರುಗಿಸಬೇಕು ಎಂದು ಅದರಲ್ಲಿದೆ. ಆದರೆ ಅದನ್ನು ಜಾರಿಗೆ ತರುವ ಹೊಣೆ ರಾಜ್ಯಗಳದ್ದು. ಅದು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳನ್ನು ಕುರಿತದ್ದು, ಕಟ್ಟಡ, ತರಗತಿ ಇರುವ ಕೋಚಿಂಗ್ ಸೆಂಟರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಬರೀ ಆ್ಯಪ್‌ನಲ್ಲಿ ನಡೆಯುವ ಟೆಸ್ಟ್ ಸೀರೀಸಿಗೆ ಅದನ್ನೇ ಆಜ್ಞೆಯೆಂದು ತೋರಿಸಿದರೆ ಎದುರಿನವರು ಒಪ್ಪಲಿಕ್ಕಿಲ್ಲ. ‘ಸರ್ಕಾರವೇ ನ್ಯಾಯವೆಂದು ಹೇಳಿರುವ ರೀತಿ ಇದು’ ಎಂದು ಪತ್ರದಲ್ಲಿ ಕಾಣಿಸಲು ಅಡ್ಡಿಯಿಲ್ಲ.

ಇನ್ನು ಲೆಕ್ಕ. ಅವಳ ರಸೀದಿಯಲ್ಲಿ ಶುಲ್ಕ 8,000, ಜಿಎಸ್‌ಟಿ ಶೇ 18ರಂತೆ 1,440, ಒಟ್ಟು 9,440 ರೂಪಾಯಿ. ಟೆಸ್ಟ್ 40: ಪ್ರಿಲಿಮ್ಸ್ 24, ಮೇನ್ಸ್ 16. ಅಂದರೆ ಟೆಸ್ಟಿಗೆ 236 ರೂಪಾಯಿ. ಅವಳು ಬರೆದದ್ದು 14. ಉಳಿದ 26ಕ್ಕೆ 6,136 ರೂಪಾಯಿ ಬರಬೇಕು ಎಂದು ಅವಳ ಲೆಕ್ಕ.

“ಬರದದ್ದು ಹದಿನಾಲ್ಕು ಖರೆ, ಅವರು ತೆರದು ಇಟ್ಟಿದ್ದು ಎಷ್ಟು?” ಎಂದೆ. ಹದಿನೆಂಟು. ಊರಿಗೆ ಹೋಗಿದ್ದಾಗ ನಾಲ್ಕು ಭಾನುವಾರ ಬರೆದಿರಲಿಲ್ಲ, ಆದರೆ ಪ್ರಶ್ನೆಪತ್ರಿಕೆ ಅವಳ ಖಾತೆಗೆ ಬಂದಿತ್ತು. ಆ ನಾಲ್ಕನ್ನು ಸಂಸ್ಥೆ ಕೊಟ್ಟಾಗಿದೆ. ಅದನ್ನು ಬಿಟ್ಟುಕೊಟ್ಟರೆ ಉಳಿಯುವುದು 22 ಟೆಸ್ಟ್, 5,192 ರೂಪಾಯಿ. ಇದು ಯಾರ ಮುಂದೆ ಇಟ್ಟರೂ ನಿಲ್ಲುವ ಲೆಕ್ಕ. ಇದರಲ್ಲೂ ಗಟ್ಟಿಯಾದ ಭಾಗ ಆ 16 ಮೇನ್ಸ್ ಟೆಸ್ಟ್‌ಗಳು. ಪ್ರಿಲಿಮ್ಸ್ ಪ್ರಶ್ನೆಪತ್ರಿಕೆಯನ್ನು ಒಮ್ಮೆ ತಯಾರಿಸಿದರೆ ಒಬ್ಬರು ಬರೆದರೂ ಸಾವಿರ ಜನ ಬರೆದರೂ ಖರ್ಚು ಹೆಚ್ಚುಕಮ್ಮಿ ಅಷ್ಟೇ. ಮೇನ್ಸ್‌ನಲ್ಲಿ ಪ್ರತಿಯೊಬ್ಬರ ಕೈಬರಹದ ಉತ್ತರವನ್ನು ಒಬ್ಬರು ಕೂತು ಓದಿ ತಿದ್ದಬೇಕು. ಅವಳು ಬರೆಯದ ಮೇಲೆ ತಿದ್ದುವ ಕೂಲಿ ಸಂಸ್ಥೆಗೆ ಉಳಿಯಿತು.

ಹೀಗಾಗಿ ತೀರ್ಮಾನ ಮಾಡಿದ ದಿನವೇ ಮೇಲ್ ಕಳಿಸಬೇಕು. ಒಂದೊಂದು ಭಾನುವಾರ ಕಳೆದಂತೆ ಒಂದೊಂದು ಟೆಸ್ಟ್ ಅವರ ಕಡೆಗೆ ಜಮೆಯಾಗುತ್ತದೆ. ಆಮೇಲೆ ಹೊಸ ಟೆಸ್ಟ್ ತೆರೆಯಬಾರದು, ಗೆಳತಿಗೆ ಪಾಸ್‌ವರ್ಡ್ ಕೊಡಲೂಬಾರದು. ಎಷ್ಟು ಬರೆದಾಗಿದೆ ಎಂದು ತೋರಿಸುವ ಪುಟ, ರಸೀದಿ, ಕೊಳ್ಳುವಾಗ ಇದ್ದ ಷರತ್ತು, ಈ ಮೂರರ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಡಬೇಕು. ಖಾತೆ ಮುಚ್ಚಿದ ಮೇಲೆ ಆ ಪುಟ ಕಾಣುವುದಿಲ್ಲ. ಇಎಂಐ ಮೇಲೆ ತಗೊಂಡಿದ್ದರೆ ಸಾಲ ಕೊಟ್ಟ ಕಂಪನಿಗೂ ಅದೇ ದಿನ ಬರೆಯಬೇಕು, ಕಂತು ತಾನಾಗಿ ನಿಲ್ಲುವುದಿಲ್ಲ.

ಅವಳು ಕಳಿಸಿದ ಮೇಲ್ ಇಷ್ಟೇ:

“ನನ್ನ 40 ಟೆಸ್ಟ್‌ಗಳ ಸರಣಿಯನ್ನು ಇಂದಿನಿಂದ ರದ್ದು ಮಾಡಿ. ಬೇರೆ ಹುದ್ದೆಗೆ ಆಯ್ಕೆಯಾಗಿರುವುದರಿಂದ ಮುಂದುವರಿಸುತ್ತಿಲ್ಲ. ಇಂದಿನವರೆಗೆ 18 ಟೆಸ್ಟ್ ತೆರೆದಿವೆ. ಉಳಿದ 22 ಟೆಸ್ಟ್‌ಗಳ ಶುಲ್ಕ 4,400, ಜಿಎಸ್‌ಟಿ 792, ಒಟ್ಟು 5,192 ರೂಪಾಯಿಯನ್ನು ಹಣ ಬಂದ ಖಾತೆಗೇ 10 ದಿನದೊಳಗೆ ಮರಳಿಸಬೇಕೆಂದು ಕೋರುತ್ತೇನೆ.”

ಮೊದಲು ಫೋನ್ ಬಂತು. ದುಡ್ಡಿನ ಬದಲು ಬೇರೆ ಕೋರ್ಸಿನ ಕೂಪನ್ ಕೊಡುತ್ತೇವೆ ಎಂದರು. ‘ದಯವಿಟ್ಟು ಇದನ್ನೇ ಮೇಲ್‌ನಲ್ಲಿ ಕಳಿಸಿ’ ಎಂದಳು. ಮೇಲ್ ಬಂದಾಗ ಕೂಪನ್ ಮಾತು ಇರಲಿಲ್ಲ. ಬದಲಿಗೆ ಬಿಡಿ ಟೆಸ್ಟಿನ ದರ 350, ಅದರಂತೆ 18ಕ್ಕೆ 6,300 ಕಳೆದು 3,140 ಕೊಡುತ್ತೇವೆ, ಅದರಲ್ಲೂ ಜಿಎಸ್‌ಟಿ ಸರ್ಕಾರಕ್ಕೆ ಹೋಗಿರುವುದರಿಂದ ಅದನ್ನು ಬಿಟ್ಟು, ಎಂದಿತ್ತು.

ಕಟ್ಟಿಗೆ ಒಂದು ದರ, ಬಿಡಿಗೆ ಒಂದು ದರ ಇರುವುದು ಸಹಜ, ಸಂತೆಯಲ್ಲೂ ಹಾಗೇ. ಆದರೆ ಅರ್ಧದಲ್ಲಿ ಬಿಟ್ಟರೆ ಬಿಡಿ ದರ ಹಾಕುತ್ತೇವೆ ಎಂದು ಹಣ ತೆಗೆದುಕೊಳ್ಳುವಾಗಲೇ ಹೇಳಿರಬೇಕು. ಅವಳು ತೆಗೆದಿಟ್ಟ ಷರತ್ತಿನ ಪುಟದಲ್ಲಿ 350ರ ಸುದ್ದಿಯೇ ಇರಲಿಲ್ಲ. ಒಂದು ವೇಳೆ ಇದ್ದಿದ್ದರೆ 3,140ಕ್ಕೆ ಒಪ್ಪು ಎನ್ನುತ್ತಿದ್ದೆ. ‘ಯಾವ ಕಾರಣಕ್ಕೂ ಹಣ ಮರಳಿಸುವುದಿಲ್ಲ’ ಎಂದೇ ಬರೆದಿದ್ದರೆ ಕೇಳುವುದು ಬಹಳ ಮಟ್ಟಿಗೆ ವಿನಂತಿಯಾಗಿಯೇ ಉಳಿಯುತ್ತದೆ. ಜಿಎಸ್‌ಟಿಯ ಮಾತಂತೂ ಸರಿಯಲ್ಲ. ಸೇವೆ ಕಡಿಮೆಯಾದಾಗ ವ್ಯಾಪಾರಿ ಕ್ರೆಡಿಟ್ ನೋಟ್ ಬರೆದು ತನ್ನ ತೆರಿಗೆಯನ್ನು ಅಷ್ಟರಮಟ್ಟಿಗೆ ಇಳಿಸಿಕೊಳ್ಳಬಹುದು. ಬಿಲ್ಲು ಮಾಡಿದ ಹಣಕಾಸು ವರ್ಷ ಮುಗಿದ ಮೇಲೂ ನವೆಂಬರ್ 30ರವರೆಗೆ ಅದಕ್ಕೆ ಅವಕಾಶವಿದೆ.

ಇವೆರಡನ್ನೂ ಬರೆದು, ಷರತ್ತಿನ ಪುಟ ಲಗತ್ತಿಸಿ ಎರಡನೇ ಮೇಲ್ ಕಳಿಸಿದಳು. ಉತ್ತರ ಬರಲಿಲ್ಲ. 11ನೇ ದಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದಳು, consumerhelpline.gov.in ನಲ್ಲೂ ದೂರು ಬರೆಯಬಹುದು. ಅದು ಕೋರ್ಟಲ್ಲ, ಆದೇಶ ಹೊರಡಿಸುವುದಿಲ್ಲ. ದೂರನ್ನು ಸಂಸ್ಥೆಗೆ ಕಳಿಸಿ ಉತ್ತರ ಕೇಳುತ್ತದೆ. ಎಷ್ಟೋ ಸಲ ಫೋನ್ ಎತ್ತುವ ಹುಡುಗನಿಂದ ಹಣ ಬಿಡುವ ಅಧಿಕಾರವುಳ್ಳವರ ಮೇಜಿಗೆ ಕಾಗದ ಹೋಗುವುದು ಇದರಿಂದಲೇ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಸಂಸ್ಥೆ ದಿಲ್ಲಿಯಲ್ಲಿದ್ದರೂ ನಾವಿರುವ ಜಿಲ್ಲೆಯಲ್ಲೇ ಹಾಕಬಹುದು, ಎರಡು ವರ್ಷದ ಗಡುವು. ಆದರೆ ಐದು ಸಾವಿರಕ್ಕಾಗಿ ತಿಂಗಳುಗಟ್ಟಲೆ ಓಡಾಡುವುದು ಎಲ್ಲರಿಗೂ ಆಗುವ ಮಾತಲ್ಲ. ಅದಕ್ಕೇ ಮೊದಲ ಮೇಲ್‌ನಲ್ಲೇ ಲೆಕ್ಕ ಸರಿಯಾಗಿರಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದು.

ಅವಳಿಗೆ ಆಯೋಗದವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಸಹಾಯವಾಣಿಗೆ ದೂರು ಕೊಟ್ಟು ಎಂಟು ದಿನಕ್ಕೆ 5,192 ರೂಪಾಯಿ ಖಾತೆಗೆ ಬಂತು.

ಆಮೇಲೆ ಅದೇ ಸಂಸ್ಥೆಯಿಂದ ಇನ್ನೊಂದು ಫೋನ್: ‘ಮೇಡಂ, ನಿಮ್ಮ ಫೋಟೊ ಬೇಕಿತ್ತು, ಜಾಹೀರಾತಿಗೆ.’ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ತಂದ ಮಾರ್ಗಸೂಚಿಯಂತೆ, ಆಯ್ಕೆಯಾದವರ ಫೋಟೊ ಹಾಕಲು ಆಯ್ಕೆಯ ನಂತರವೇ ಲಿಖಿತ ಒಪ್ಪಿಗೆ ಪಡೆಯಬೇಕು, ಅವರು ತಗೊಂಡ ಕೋರ್ಸ್ ಯಾವುದು, ಎಷ್ಟು ಅವಧಿಯದ್ದು ಎಂದೂ ಫೋಟೊ ಜೊತೆಗೆ ಹೇಳಬೇಕು. ಹಣದ ಮಾತು ನಡೆಯುವಾಗ ಈ ಒಪ್ಪಿಗೆಯನ್ನು ಪಣಕ್ಕಿಡಬೇಡ ಎಂದು ನಾನು ಮೊದಲೇ ಹೇಳಿದ್ದೆ, ಅವಳೂ ಇಟ್ಟಿರಲಿಲ್ಲ. ಒಪ್ಪಿಗೆಯ ಫಾರಂ ಬಂದಾಗ ಸಹಿಯ ಮೇಲೆ ಒಂದು ಸಾಲನ್ನು ತನ್ನ ಕೈಯಾರೆ ಸೇರಿಸಿದಳು: ‘ಕೆಎಎಸ್ ಪ್ರಿಲಿಮ್ಸ್, 14 ಟೆಸ್ಟ್ ಮಾತ್ರ.’