ನೀರಿನ ಕೊಳವೆಯಲ್ಲೂ ಗೆರೆ!

ಸಂಶೋಧನಾಲಯದ ಇಂಟರ್ನ್ ಒಬ್ಬಳು ಶುಕ್ರವಾರ ಸಂಜೆ ಮಾರ್ಗದರ್ಶಕರಿಗೆ ವಾರದ ವರದಿ ಬರೆಯುತ್ತಿದ್ದಾಳೆ ಎಂದುಕೊಳ್ಳಿ. ಎಂಟು ಮಣ್ಣಿನ ಮಾದರಿಗಳಲ್ಲಿ ಒಂದು ಬ್ಯಾಕ್ಟೀರಿಯಾದ ಜೀನ್ ಇದೆಯೇ ಎಂದು ಪಿಸಿಆರ್ ವಿಧಾನದಲ್ಲಿ ಹುಡುಕಿದ್ದಾಳೆ. ಆರರಲ್ಲಿ, ಜೆಲ್ ಮೇಲೆ, ನಿರೀಕ್ಷಿಸಿದ ಜಾಗದಲ್ಲೇ ಗೆರೆ ಮೂಡಿದೆ.

ಖುಷಿಪಡುವಂತಿಲ್ಲ. ಮಾದರಿಯ ಡಿಎನ್‌ಎ ಬದಲು ಬರೀ ನೀರು ಹಾಕಿದ್ದ ಕೊಳವೆಯಲ್ಲೂ ಅದೇ ಗೆರೆ ಕಾಣುತ್ತಿದೆ!

ಹೊಸಬರು ಎಡವುವುದು ಇಲ್ಲೇ. 'ಆರರಲ್ಲಿ ಸಿಕ್ಕಿತು' ಎಂದು ಮೊದಲು ಬರೆದು, ನೀರಿನ ಸಂಗತಿಯನ್ನು ಕೊನೆಗೆ ತಳ್ಳುತ್ತಾರೆ. ಮಾರ್ಗದರ್ಶಕರಿಗೆ ಬೇಕಾದ ಮೊದಲ ಸಾಲೇ ಬೇರೆ: 'ಎಲ್ಲೋ ಹೊರಗಿನ ಡಿಎನ್‌ಎ ಸೇರಿದೆ, ಆರು ಫಲಿತಾಂಶಗಳನ್ನೂ ಸದ್ಯಕ್ಕೆ ನಂಬುವಂತಿಲ್ಲ.' ಜೆಲ್‌ನ ಚಿತ್ರವನ್ನು ಕತ್ತರಿಸದೆ ಜೊತೆಗಿಡಬೇಕು.

ಮುಂದಿನ ವಾರದ ಯೋಜನೆ 'ಮತ್ತೆ ಮಾಡುತ್ತೇನೆ' ಎಂದಿದ್ದರೆ ಸಾಲದು. ಮಾದರಿಯಿಲ್ಲದ ಮೂರು ಕೊಳವೆಗಳು ಸಾಕು: ಒಂದರಲ್ಲಿ ಎಲ್ಲವೂ ಹಳೆಯದು, ಇನ್ನೊಂದರಲ್ಲಿ ನೀರು ಮಾತ್ರ ಹೊಸದು, ಮತ್ತೊಂದರಲ್ಲಿ ಪ್ರೈಮರ್ ಮಾತ್ರ ಹೊಸದು. ಹೊಸ ನೀರಿನ ಕೊಳವೆಯಲ್ಲಷ್ಟೇ ಗೆರೆ ಮಾಯವಾದರೆ ಅನುಮಾನ ಹಳೆಯ ನೀರಿನ ಮೇಲೆ. ಮೂರರಲ್ಲೂ ಉಳಿದರೆ ಪಿಪೆಟ್, ಕಿಣ್ವದ ಮಿಶ್ರಣ, ಮೇಜು ಎಲ್ಲವನ್ನೂ ತಡಕಬೇಕಾಗುತ್ತದೆ. ಎಲ್ಲವನ್ನೂ ಒಟ್ಟಿಗೇ ಬದಲಿಸಿದರೆ ಗೆರೆ ಹೋದೀತು, ಆದರೆ ಅದು ಎಲ್ಲಿಂದ ಬಂತೆಂದು ತಿಳಿಯದು.