ಸಾಲದ ಮೇಜಿನಿಂದ ರಿಸ್ಕ್ ಟೀಮಿಗೆ

ಶಾಖೆಯಲ್ಲಿ ಸಾಲದ ಅರ್ಜಿ ನೋಡಿ ಪಳಗಿದ ಅಧಿಕಾರಿಗೆ ಸ್ಟೇಟ್‌ಮೆಂಟಿನ ನಾಲ್ಕು ಪುಟ ತಿರುವಿದರೆ ಸಾಕು, ಎಲ್ಲಿ ಎಡವಟ್ಟಿದೆ ಎಂದು ಗೊತ್ತಾಗಿಬಿಡುತ್ತದೆ. ಸಾಲ ಕೊಡುವ ಫಿನ್‌ಟೆಕ್ ಕಂಪನಿಗೆ ಬೇಕಿರುವುದೂ ಅದೇ ಕಣ್ಣು. ಆದರೆ ಅಲ್ಲಿ ಅದನ್ನು ಕಂಪ್ಯೂಟರಿಗೆ ಅರ್ಥವಾಗುವ ನಿಯಮವಾಗಿ ಬರೆದುಕೊಡಬೇಕು.

ಒಂದು ಕಿರಾಣಿ ಅಂಗಡಿಯ ಲೆಕ್ಕ ನೋಡೋಣ. ಖಾತೆಗೆ ತಿಂಗಳಿಗೆ 5 ಲಕ್ಷ ರೂಪಾಯಿ ಜಮಾ ಆಗುತ್ತದೆ, ಅಂದರೆ ವರ್ಷಕ್ಕೆ 60 ಲಕ್ಷ. ಸಣ್ಣ ಉದ್ದಿಮೆಗಳ ದುಡಿಯುವ ಬಂಡವಾಳಕ್ಕೆ ಬ್ಯಾಂಕುಗಳು ಬಳಸುವ ಶೇ. 20ರ ಲೆಕ್ಕ ಹಾಕಿದರೆ 12 ಲಕ್ಷ ಸಾಲ ಸಿಗಬೇಕು. ಅಧಿಕಾರಿ ಅಲ್ಲೇ ತಡೆಯುತ್ತಾರೆ. ಪ್ರತಿ ತಿಂಗಳೂ ಒಬ್ಬರೇ ವ್ಯಕ್ತಿಯಿಂದ ಒಂದೂವರೆ ಲಕ್ಷ ಬಂದು, ಎರಡೇ ದಿನದಲ್ಲಿ ಅವರಿಗೇ ವಾಪಸ್ ಹೋಗಿದೆ. ಅದು ವ್ಯಾಪಾರವಲ್ಲ, ವಹಿವಾಟು ಹೆಚ್ಚು ಕಾಣಲು ಹಣ ಸುತ್ತಿಸಿದ್ದು. ಅದನ್ನು ಕಳೆದರೆ ನಿಜವಾದ ವಹಿವಾಟು 42 ಲಕ್ಷ, ಸಾಲ 8.4 ಲಕ್ಷ.

ಫಿನ್‌ಟೆಕ್‌ನಲ್ಲಿ ಇದೇ ತೀರ್ಮಾನ ಹೀಗೆ ಬರೆದುಕೊಳ್ಳುತ್ತದೆ: ಒಬ್ಬರಿಂದಲೇ ಬಂದ ಹಣ ಮೂರು ದಿನದೊಳಗೆ ಹೆಚ್ಚುಕಡಿಮೆ ಅಷ್ಟೇ ಮೊತ್ತದಲ್ಲಿ ಅವರಿಗೇ ಹೋದರೆ, ವಹಿವಾಟಿಗೆ ಸೇರಿಸಬೇಡ. ಬರೆದ ಮೇಲೆ ಹಳೆಯ ಸಾಲಗಳ ಮೇಲೆ ಓಡಿಸಿ ನೋಡಬೇಕು. ಕಂತು ತಪ್ಪಿಸಿದವರು ಈ ನಿಯಮಕ್ಕೆ ಎಷ್ಟು ಜನ ಸಿಕ್ಕಿಬೀಳುತ್ತಾರೆ? ಸರಿಯಾಗಿ ಕಟ್ಟಿದವರಲ್ಲಿ ಎಷ್ಟು ಜನರಿಗೆ ಸಾಲ ಕಡಿತವಾಗುತ್ತದೆ? ಒಬ್ಬನೇ ವರ್ತಕನಿಗೆ ಮಾರಿ, ಅವನಿಂದಲೇ ಸರಕು ಕೊಳ್ಳುವ ಪ್ರಾಮಾಣಿಕ ಅಂಗಡಿಯವರೂ ಇದರಲ್ಲಿ ಸಿಲುಕುತ್ತಾರೆ. ಶಾಖೆಯಲ್ಲಾದರೆ ಅವರನ್ನು ಕರೆದು ಬಿಲ್ ಕೇಳಬಹುದಿತ್ತು. ಇಲ್ಲಿ ಅಂಥ ಅರ್ಜಿಗಳನ್ನು ತಿರಸ್ಕರಿಸದೆ, ಮನುಷ್ಯರ ಪರಿಶೀಲನೆಗೆ ಕಳಿಸುವ ದಾರಿಯನ್ನೂ ನಿಯಮದಲ್ಲೇ ಇಡಬೇಕು. ಹಳೆಯ ಸಾಲಗಳನ್ನು ಹೀಗೆ ಜಾಲಾಡುವಷ್ಟು ಎಸ್‌ಕ್ಯುಎಲ್ ಕಲಿತರೆ ಸಾಕು, ಪ್ರೋಗ್ರಾಮರ್ ಆಗಬೇಕಿಲ್ಲ.

ನಿಯಮ ಕೆಟ್ಟಿದೆಯೆಂದು ಮೊದಲು ಹೇಳುವುದು ಮೊದಲ ಕಂತು. ಅದೇ ಬೌನ್ಸ್ ಆದವರ ಸಂಖ್ಯೆ ಒಂದು ತಿಂಗಳು ಏರಿದರೆ, ಕಷ್ಟ ಬಂದು ಕಟ್ಟದವರಿಗಿಂತ, ಕೊಡಬಾರದವರಿಗೆ ಕೊಟ್ಟಿದ್ದು ಹೆಚ್ಚೆಂದು ಅನುಮಾನಿಸಬೇಕು. ಆದ್ದರಿಂದ ಸಾಲಗಳನ್ನು ಕೊಟ್ಟ ತಿಂಗಳ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ 30 ದಿನ ಮೀರಿದ ಬಾಕಿ ಎಷ್ಟೆಂದು ಹೋಲಿಸುತ್ತಾರೆ. 90 ದಿನ ಮೀರಿ ಎನ್‌ಪಿಎ ಆಗುವವರೆಗೆ ಕಾದರೆ, ಅಷ್ಟರಲ್ಲಿ ಅದೇ ತಪ್ಪು ನಿಯಮದಲ್ಲಿ ಇನ್ನೂ ಎಷ್ಟೋ ಸಾಲ ಹೋಗಿರುತ್ತದೆ.

ಹಾಗಾಗಿ ರೆಸ್ಯೂಮೆಯಲ್ಲಿ ‘ಎಂಎಸ್‌ಎಂಇ ಸಾಲ ನಿರ್ವಹಣೆ’ ಎಂದಷ್ಟೇ ಬರೆಯದೆ, ನಿಮ್ಮ ಶಾಖೆಯಲ್ಲಿ ಸಾಲ ಕೆಟ್ಟ ಕಾರಣಗಳು, ಅವು ಸ್ಟೇಟ್‌ಮೆಂಟಿನಲ್ಲಿ ಮೊದಲೇ ಹೇಗೆ ಕಂಡವು ಎಂದು ಬರೆಯಿರಿ. ಗ್ರಾಹಕರ ವಿವರ ಮಾತ್ರ ಬೇಡ.

ಸೇರುವ ಮುನ್ನ ಒಂದು ಪ್ರಶ್ನೆ ಕೇಳಿ: ಸಾಲ ಯಾರ ಪುಸ್ತಕದಲ್ಲಿದೆ? ಕಂಪನಿಯೇ ಎನ್‌ಬಿಎಫ್‌ಸಿ ಆಗಿದ್ದರೆ ನಷ್ಟ ಅದರದ್ದೇ, ರಿಸ್ಕ್ ಟೀಮಿನ ಮಾತಿಗೆ ತೂಕವಿರುತ್ತದೆ. ಬೇರೆ ಬ್ಯಾಂಕಿಗೆ ಗ್ರಾಹಕರನ್ನು ತಂದುಕೊಡುವ ಆ್ಯಪ್ ಆಗಿದ್ದರೆ, ಅದು ಕೊಡುವ ನಷ್ಟದ ಖಾತರಿಗೆ ರಿಸರ್ವ್ ಬ್ಯಾಂಕ್ 2023ರಲ್ಲಿ ಶೇ. 5ರ ಮಿತಿ ಹಾಕಿದೆ. ಅಲ್ಲಿ ಸಾಲ ಕೊಡಬೇಕೇ ಎಂಬ ಕೊನೆಯ ಮಾತು ಬ್ಯಾಂಕಿನದ್ದು.